ಒಂದು ವಾರದಲ್ಲಿ ಹತ್ತು ವರ್ಷ ಹಳತಾದ ಸೀರೆ

ಹೊಲದಲ್ಲಿ ದುಡಿದ ಅಜ್ಜಿಯೊಬ್ಬರ ಹಳೇ ಹತ್ತಿ ರವಿಕೆ ಸಿಕ್ಕಿದರೆ ದಯವಿಟ್ಟು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಲಭುಜ ಮಾಸಿ ಬೆಳ್ಳಗಾಗಿರುತ್ತದೆ, ಎಡಭುಜದಲ್ಲಿ ಬಣ್ಣ ಇನ್ನೂ ಗಟ್ಟಿಯಾಗಿ ಕೂತಿರುತ್ತದೆ! ಒಂದೇ ಬಟ್ಟೆ, ಒಂದೇ ದಿನ ಹೊಲಿದದ್ದು, ಒಂದೇ ಕಲ್ಲಿನ ಮೇಲೆ ಒಗೆದದ್ದು. ಆದರೂ ಎರಡು ಭುಜಕ್ಕೆ ಎರಡು ವಯಸ್ಸು. ಕಾರಣ ಎಷ್ಟು ಸರಳ ಅಂದರೆ ಗೊತ್ತಾದ ಕ್ಷಣ ಮೈ ಜುಮ್ಮೆನ್ನುತ್ತದೆ. ಎಡಭುಜದ ಮೇಲೆ ಜೀವಮಾನವಿಡೀ ಸೆರಗು ಇತ್ತು. ಬಲಭುಜದ ಮೇಲೆ ಬಿಸಿಲು ಇತ್ತು.

ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ಮೈಸೂರಿನ ಹವ್ಯಾಸಿ ತಂಡವೊಂದಕ್ಕೆ ಉಡುಪು ಸಿದ್ಧಮಾಡುವ ಹಿರಿಯ ಹೆಂಗಸು. ತಂಡದವರೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತರಲು ಅವರು ತಯಾರಿ ನಡೆಸಿದ್ದರು. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ, ಉಮಾಶ್ರೀ ಸಾಕವ್ವನಾಗಿ ನಿಂತ ‘ಒಡಲಾಳ’ವನ್ನು ಕಂಡ ಕನ್ನಡಿಗರಿಗೆ ಆ ಮುದುಕಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕುವ ಸಾಕವ್ವ, ಒಂದೇ ರಾತ್ರಿಯಲ್ಲಿ ಮೂಟೆ ಕಡಲೆಕಾಯಿ ತಿಂದು ಮುಗಿಸುವ ಅವಳ ಮನೆ ಮಂದಿ. ಅಂಥವಳಿಗೆ ಹೊಸ ಸೀರೆ ಉಡಿಸಿ ರಂಗದ ಮೇಲೆ ನಿಲ್ಲಿಸಿದರೆ ಮೊದಲ ಮಾತಿಗೇ ನಾಟಕ ಸುಳ್ಳಾಗುತ್ತದೆ. ನಿಜವಾದ ಹಳೇ ಸೀರೆ ತಂದು ಉಡಿಸೋಣ ಅಂದರೆ, ಅದು ಎರಡನೇ ಪ್ರದರ್ಶನಕ್ಕೇ ಸೀಳುತ್ತದೆ. ಹಾಗಾಗಿ ಗಟ್ಟಿ ನೂಲಿನ ಹೊಸ ಸೀರೆಯನ್ನೇ ತಂದು ಅದಕ್ಕೆ ವಯಸ್ಸು ಕೊಡಬೇಕು. ಬಿಸಿಲು, ಬೆವರು, ಒಗೆತ, ದುಡಿಮೆ ಹತ್ತು ವರ್ಷದಲ್ಲಿ ಮಾಡುವುದನ್ನು ಒಂದು ವಾರದಲ್ಲಿ ಮಾಡಬೇಕು!

ಬಡತನ ಅಂದರೆ ಕೊಳೆಯಲ್ಲ

ಕೆಲಸ ಶುರುವಾಗುವ ಮೊದಲೇ ಅಕ್ಕ ಒಂದು ಮಾತು ಹೇಳಿದರು. “ನೋಡಪ್ಪ, ಸಾಕವ್ವನ ಸೀರೆ ಸವೆದಿರಬೇಕು, ಕೊಳಕಾಗಿರಬಾರದು. ಎಷ್ಟೋ ನಾಟಕದಲ್ಲಿ ಬಡವರು ಅಂದ ತಕ್ಷಣ ಮಣ್ಣು ಬಳಿದುಬಿಡ್ತಾರೆ. ಒಂದೇ ಸೀರೆ ಇರೋ ಹೆಂಗಸು ಅದನ್ನ ಎಷ್ಟು ಜೋಪಾನವಾಗಿ ಒಗೀತಾಳೆ ಅನ್ನೋದು ಅವರಿಗೆ ಗೊತ್ತಿಲ್ಲ.”

ಈ ಒಂದು ಮಾತಿನಿಂದ ನನ್ನ ಕಣ್ಣೇ ಬದಲಾಯಿತು. ಬಡವರ ಬಟ್ಟೆ ಹಳತಾಗುವುದು ಒಗೆಯದೆ ಅಲ್ಲ, ಒಗೆದೂ ಒಗೆದೂ! ಕಲ್ಲಿಗೆ ಬಡಿದ ಪ್ರತಿ ಏಟಿಗೂ ಎಳೆಯ ಒಂದಿಷ್ಟು ನಾರು ಉದುರುತ್ತದೆ. ಅಂಚಿನ ಮಡಿಕೆ ಮೊದಲು ಬಿರಿಯುತ್ತದೆ. ಮೈ ತೆಳ್ಳಗಾಗಿ, ಮೃದುವಾಗಿ, ಕೊನೆಗೆ ಬಟ್ಟೆಯ ಆಚೆಯ ಬೆಳಕು ಈಚೆ ಕಾಣತೊಡಗುತ್ತದೆ. ಈ ತೆಳ್ಳಗಾಗುವಿಕೆಯೇ ನಿಜವಾದ ವಯಸ್ಸು. ಕೊಳೆ ಅದರ ಮೇಲೆ ಆ ದಿನದ ಕೆಲಸ ಬಿಟ್ಟುಹೋದ ಗುರುತು ಮಾತ್ರ. ಸಂಜೆಗೆ ಬರುತ್ತದೆ, ಒಗೆದರೆ ಹೋಗುತ್ತದೆ. ಸವೆತ, ಮಾಸುವಿಕೆ, ಕಲೆ ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಲು ಕಲಿತರೆ ಹಳೇ ಬಟ್ಟೆ ಓದಲು ಬರುತ್ತದೆ, ಓದಲು ಬಂದರೆ ಬರೆಯಲೂ ಬರುತ್ತದೆ.

ಗಂಜಿ ಬಿಡಿಸುವ ರಾತ್ರಿ

ಅಕ್ಕ ಆರಿಸಿದ್ದು ಕೈಮಗ್ಗದ ಹತ್ತಿ ಸೀರೆ, ಅರ್ಧ ಕೆಜಿ ಆಸುಪಾಸಿನ ತೂಕ, ಕಡು ನೀಲಿ ಮೈ, ಕೆಂಪು ಅಂಚು. ಅಂಗಡಿಯವರು ಹತ್ತಿ ಅಂದರೂ ಅವರು ನಂಬಲಿಲ್ಲ. ಸೀರೆಯ ತುದಿಯಿಂದ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿದರು. ಹತ್ತಿಯ ಎಳೆ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಯಿತು. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತಿತ್ತು. ಈ ಪರೀಕ್ಷೆ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಏಕೆಂದರೆ ಪಾಲಿಯೆಸ್ಟರ್‌ಗೆ ಟೀ ಹತ್ತುವುದಿಲ್ಲ, ಬ್ಲೀಚ್ ಅದರ ಬಣ್ಣ ತೆಗೆಯುವುದಿಲ್ಲ. ಹತ್ತು ವರ್ಷ ಬಿಸಿಲಿಗೆ ಹಾಕಿದರೂ ಅದು ಹತ್ತಿಯ ಹಾಗೆ ಮುದಿಯಾಗುವುದಿಲ್ಲ.

ಆಮೇಲೆ ಗಂಜಿ. ಹೊಸ ಸೀರೆಯ ಗರಿಗರಿ ಗಂಜಿಯದು. ಅದು ಇರುವವರೆಗೂ ಯಾವ ಬಣ್ಣವೂ ಒಳಗೆ ಇಳಿಯುವುದಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ಸೀರೆಯನ್ನು ರಾತ್ರಿಯಿಡೀ ನೆನೆಸಿ ಬೆಳಗ್ಗೆ ಒಗೆದರು. ನನಗೆ ಸೀರೆ ಮೆತ್ತಗಾಗಿ ಕಂಡಿತು. ಅಕ್ಕ ಔಷಧಿ ಪೆಟ್ಟಿಗೆಯಿಂದ ಟಿಂಚರ್ ಅಯೋಡಿನ್ ತೆಗೆದು ಮೂಲೆಯಲ್ಲಿ ಒಂದೇ ಹನಿ ಬಿಟ್ಟರು. ಹನಿ ನೋಡನೋಡುತ್ತ ನೀಲಿಗಪ್ಪಾಯಿತು! ಬಟ್ಟೆಯಲ್ಲಿ ಗಂಜಿ ಇನ್ನೂ ಇದೆ ಅಂತ ಅರ್ಥ. ಬಡಿಸಿದ ಅನ್ನದ ಮೇಲೆ ಅಯೋಡಿನ್ ಬಿಟ್ಟರೆ ಬರುವುದೂ ಇದೇ ಬಣ್ಣ. ಮತ್ತೆ ನೆನೆಸಿ, ಮತ್ತೆ ಒಗೆದರು. ಹನಿ ಬರೀ ಕಂದಾಗಿ ಉಳಿದ ಮೇಲೆಯೇ ಮುಂದಿನ ಕೆಲಸ. ಶಾಲೆಯ ಪ್ರಯೋಗಶಾಲೆಯಲ್ಲಿ ಕಂಡಿದ್ದ ಆ ಹನಿ ಹೀಗೆ ನಾಟಕದ ಹಿಂದಿನ ಕೋಣೆಯಲ್ಲಿ ನಿಂತು ತೀರ್ಪು ಕೊಡುತ್ತದೆ ಎಂದು ನಾನು ಎಂದೂ ಊಹಿಸಿರಲಿಲ್ಲ.

ಉಟ್ಟ ಮೇಲೆಯೇ ಗೊತ್ತಾಗುವ ನಕ್ಷೆ

ಇಲ್ಲಿಂದ ಮುಂದೆ ನನಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಸೀರೆಯನ್ನು ನೆಲದ ಮೇಲೆ ಹಾಸಿ ಅಲ್ಲಲ್ಲಿ ಬಣ್ಣ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅಕ್ಕ ಸಾಕವ್ವನ ಪಾತ್ರದ ನಟಿಯನ್ನು ಕರೆದು ಸೀರೆ ಉಡಿಸಿದರು. ಆಮೇಲೆ ಅವರಿಂದ ಕೆಲಸ ಮಾಡಿಸಿದರು. ಕೂತು ಎದ್ದು, ಕುಕ್ಕರಗಾಲಲ್ಲಿ ಕೂತು ಒಲೆ ಊದಿದ ಹಾಗೆ, ಬಗ್ಗಿ ಕಳೆ ಕಿತ್ತ ಹಾಗೆ, ಸೆರಗಲ್ಲಿ ಬಿಸಿ ಪಾತ್ರೆ ಹಿಡಿದ ಹಾಗೆ. ಪ್ರತಿ ಭಂಗಿಗೂ ಬಟ್ಟೆ ಎಲ್ಲಿ ನೆಲ ಮುಟ್ಟುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿ ಬಿಸಿಲಿಗೆ ತೆರೆದುಕೊಳ್ಳುತ್ತದೆ ಎಂದು ದರ್ಜಿಯ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸೀರೆ ಬಿಚ್ಚಿ ಹಾಸಿದಾಗ, ಅಬ್ಬಾ! ಉಟ್ಟಾಗ ಒಂದೇ ಕಡೆ ಇದ್ದ ಗುರುತುಗಳು ಐದೂವರೆ ಮೀಟರ್ ಉದ್ದಕ್ಕೂ ಚದುರಿ ಬಿದ್ದಿದ್ದವು. ಒಂದು ನೆರಿಗೆಯ ಹೊರಮೈ ಮಾಸಬೇಕು, ಅದರ ಪಕ್ಕದ ಒಳಮೈ ಮಾಸಬಾರದು. ಸೊಂಟಕ್ಕೆ ಮೊದಲು ಸುತ್ತುವ ಒಳಸುತ್ತು ಎಂದೂ ಸೂರ್ಯನನ್ನೇ ಕಂಡಿಲ್ಲ, ಅಲ್ಲಿ ನೀಲಿ ಹೊಸದರಂತೆಯೇ ಉಳಿಯಬೇಕು.

ಸೆರಗಿನ ತುದಿಯ ಕಥೆಯೇ ಬೇರೆ. ಸಾಕವ್ವನಂಥವರು ಚಿಲ್ಲರೆ ಕಾಸು ಗಂಟು ಕಟ್ಟುವುದು ಅಲ್ಲಿ, ಅದೂ ಯಾವಾಗಲೂ ಒಂದೇ ಮೂಲೆಯಲ್ಲಿ. ಗಂಟಿನ ಹೊರಮೈ ಮಾಸುತ್ತದೆ, ಸುಕ್ಕಿನ ಒಳಗೆ ಸಿಕ್ಕಿಕೊಂಡ ಬಟ್ಟೆಗೆ ಬೆಳಕು ತಾಗುವುದಿಲ್ಲ. ವರ್ಷಗಟ್ಟಲೆ ಹೀಗೆ ಕಟ್ಟಿದ ಗಂಟು ಬಿಚ್ಚಿದರೆ ಮಾಸಿದ ಮೂಲೆಯಲ್ಲಿ ಕಡು ನೀಲಿಯ ಗೆರೆಗಳು ನಡುವಿನಿಂದ ಸುತ್ತಲೂ ಚಾಚಿಕೊಂಡಿರುತ್ತವೆ. ಅದನ್ನು ಬರೆಯಲು ಕುಂಚ ಬೇಕಿಲ್ಲ. ಅಕ್ಕ ಗಂಟನ್ನೇ ಕಟ್ಟಿ, ಗಂಟಿನ ಮೇಲೆಯೇ ಬಣ್ಣ ತೆಗೆದು, ಆಮೇಲೆ ಬಿಚ್ಚಿ ತೋರಿಸಿದರು. ನಾನು ಮಾತೇ ಆಡಲಿಲ್ಲ.

ಇನ್ನೂ ಒಂದು ಬೆರಗು ಕಾದಿತ್ತು. ಕೆಸರಿನ ಗುರುತು ಸೀರೆಯ ಕೆಳ ಅಂಚಿಗೆ ಬರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಗದ್ದೆಗೆ ಇಳಿಯುವ ಹೆಂಗಸು ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿರುತ್ತಾಳೆ! ಆಗ ಕೆಳಗೆ ಇಳಿಬಿದ್ದಿರುವುದು ಅಂಚಲ್ಲ, ಮೊಣಕಾಲಿನ ಬಳಿಯ ಮಡಿಕೆ. ಕೆಸರು ಸಿಡಿಯುವುದು ಅದಕ್ಕೆ. ಮನೆಗೆ ಬಂದು ಸೀರೆ ಇಳಿಸಿದಾಗ ಕೆಸರಿನ ಪಟ್ಟಿ ನೆರಿಗೆಯ ನಡುವೆ ಅಡ್ಡಲಾಗಿ ಕಾಣುತ್ತದೆ, ಅದರ ಕೆಳಗಿನ ಅಂಚು ಅದಕ್ಕಿಂತ ಚೊಕ್ಕಟ. ಅಂಚು ಸವೆಯುವುದು ಹಿಮ್ಮಡಿಯ ಬಳಿ, ಸೀರೆ ಇಳಿಬಿಟ್ಟು ಊರೊಳಗೆ ನಡೆದಾಗ. ಒಂದೇ ಸೀರೆಯಲ್ಲಿ ಹೊಲ ಒಂದು ಕಡೆ, ಊರು ಇನ್ನೊಂದು ಕಡೆ ಬರೆದಿರುತ್ತದೆ. ಒಂದು ಕಡೆ ಅಂಚು ಸವೆಯಿತೆಂದರೆ ಎಷ್ಟೋ ಹೆಂಗಸರು ಸೀರೆಯನ್ನು ತಲೆಕೆಳಗು ಮಾಡಿ ಉಡುತ್ತಾರೆ. ಆಗ ಎರಡನೇ ಅಂಚಿಗೂ ಸವೆತ ಶುರುವಾಗುತ್ತದೆ, ಮೊದಲಿನದಕ್ಕಿಂತ ಕಡಿಮೆ. ಅಕ್ಕ ಎರಡೂ ಅಂಚುಗಳನ್ನು ಸವೆಸಿದರು, ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ. ಕೊನೆಯ ಸಾಲಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ ಅಂದೆ. “ಉಟ್ಟವಳಿಗೆ ಕಾಣುತ್ತಲ್ಲ” ಅಂದರು.

ಬಣ್ಣ ಹೋಗುವ ದಾರಿ

ನಿಜವಾದ ಬಿಸಿಲೇ ಎಲ್ಲಕ್ಕಿಂತ ಚಂದ ಮಾಸಿಸುತ್ತದೆ. ಆದರೆ ಅದಕ್ಕೆ ವಾರಗಟ್ಟಲೆ ಬೇಕು. ತಾರಸಿಯ ಹಗ್ಗದ ಮೇಲೆ ಒದ್ದೆ ಮಾಡಿ ಹಾಕುತ್ತ ತೆಗೆಯುತ್ತ ಕೂರಲು ಸಮಯವಿಲ್ಲದಾಗ ಬ್ಲೀಚ್. ಅಂಗಡಿಯಲ್ಲಿ ಬಟ್ಟೆ ಬೆಳ್ಳಗಾಗಿಸಲು ಮಾರುವ ದ್ರವದಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಒಂದು ಪಾಲು ದ್ರವಕ್ಕೆ 10 ಪಾಲು ನೀರು. ಮೊದಲು ಸೀರೆ ಪೂರ್ತಿ ಒದ್ದೆಯಾಗಿರಬೇಕು, ಇಲ್ಲದಿದ್ದರೆ ಹನಿ ಬಿದ್ದ ಜಾಗಕ್ಕೆ ಹರಿತವಾದ ಗಡಿ ಬಂದು ಕಲೆಯಂತೆ ಕಾಣುತ್ತದೆ. ಬಿಸಿಲಿನ ಮಾಸುವಿಕೆಗೆ ಅಂಥ ಗಡಿ ಎಂದೂ ಇರುವುದಿಲ್ಲ.

ಆದರೆ ಆ ಸೀರೆಯೇ ಏಕೆ? ನೀಲಿಯೇ ಏಕೆ? ಅಕ್ಕ ಮೊದಲು ಮೂರು ಸೀರೆಗಳ ತುಂಡುಗಳನ್ನು ಪರೀಕ್ಷೆ ಮಾಡಿದ್ದರು. ಕಪ್ಪು ತುಂಡು ಬ್ಲೀಚ್ ತಾಗಿದ ಕೂಡಲೇ ಕಿತ್ತಳೆಯಾಗಿತ್ತು! ಹಸಿರು ತುಂಡು ಕಣ್ಣು ಕುಕ್ಕುವ ಹಳದಿಯಾಗಿತ್ತು. ಕಪ್ಪಿನೊಳಗೆ, ಹಸಿರಿನೊಳಗೆ ಹಲವು ಬಣ್ಣಗಳು ಬೆರೆತಿರುತ್ತವೆ, ಬ್ಲೀಚ್ ಅವುಗಳಲ್ಲಿ ಒಂದನ್ನು ಬೇಗ ತಿನ್ನುತ್ತದೆ, ಇನ್ನೊಂದನ್ನು ಉಳಿಸುತ್ತದೆ. ಕಿತ್ತಳೆ ಬಂತೆಂದರೆ ಇದು ಕೈಯಿಂದ ಮಾಡಿದ್ದು ಎಂದು ಪ್ರೇಕ್ಷಕರಿಗೆ ಕಾರಣ ಗೊತ್ತಿಲ್ಲದೆಯೂ ತಿಳಿದುಹೋಗುತ್ತದೆ. ನೀಲಿಯ ತುಂಡು ಮಾತ್ರ ನೀಲಿಯಾಗಿಯೇ ತಿಳಿಯಾಗುತ್ತ ಹೋಗಿತ್ತು. ಅಂಗಡಿಯಲ್ಲಿ ಬಣ್ಣ ಆರಿಸುವಾಗಲೇ ಅದು ಮುಂದೆ ಮಾಸಿ ಎಲ್ಲಿಗೆ ತಲುಪುತ್ತದೆ ಎಂದು ಆರಿಸಬೇಕು ಎಂಬುದು ನನಗೆ ಹೊಸ ಲೋಕ.

ಸ್ಪಂಜಿನಲ್ಲಿ ಅದ್ದಿ, ಸೀಮೆಸುಣ್ಣದ ಗುರುತಿನ ನಡುವಿನಿಂದ ಹೊರಕ್ಕೆ, ತುದಿಗೆ ಬರುತ್ತ ನೀರೇ ಹೆಚ್ಚಾಗುವಂತೆ. ಕೆಂಪು ಅಂಚಿಗೆ ತಾಗದಂತೆ. ಬಣ್ಣ ಬೇಕಾದಷ್ಟು ಹೋಗುವ ಮೊದಲೇ ನಿಲ್ಲಿಸಬೇಕು, ಏಕೆಂದರೆ ತೊಳೆಯುವವರೆಗೂ ಅದು ತಿನ್ನುತ್ತಲೇ ಇರುತ್ತದೆ. ತೊಳೆದ ಮೇಲೂ ನಾರಿನೊಳಗೆ ಉಳಿದದ್ದು ತಿಂಗಳುಗಳ ಮೇಲೆ ಬಟ್ಟೆಯನ್ನು ಪುಡಿ ಮಾಡುತ್ತದೆ. ಅದಕ್ಕೆ ಹೈಪೋ, ಹಳೇ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಅದೇ ಹರಳು. 10 ಲೀಟರ್ ನೀರಿಗೆ ಸುಮಾರು 30 ಗ್ರಾಂ ಕರಗಿಸಿ ಸೀರೆಯನ್ನು ಅದ್ದಿಟ್ಟು, ಮತ್ತೆ ಚೆನ್ನಾಗಿ ಜಾಲಿಸಬೇಕು. ಬ್ಲೀಚ್ ವಾಸನೆ ಪೂರ್ತಿ ಹೋದರೆ ಕೆಲಸ ಆಯಿತು. ಒಂದು ಎಚ್ಚರಿಕೆಯನ್ನು ಅಕ್ಕ ಗಟ್ಟಿ ದನಿಯಲ್ಲಿ ಹೇಳಿದರು. ಬ್ಲೀಚ್ ಇರುವ ಬಕೆಟ್ಟಿಗೆ ವಿನೆಗರ್ ಆಗಲಿ, ಶೌಚಾಲಯ ತೊಳೆಯುವ ಆಸಿಡ್ ಆಗಲಿ ಬೀಳಬಾರದು. ಬಿದ್ದರೆ ಏಳುವುದು ಕ್ಲೋರಿನ್ ಅನಿಲ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಈ ಕೆಲಸ ಬಯಲಲ್ಲಿ, ಕೈಗೆ ರಬ್ಬರ್ ಗವಸು ಹಾಕಿಕೊಂಡೇ ಆಗಬೇಕು.

ತೂತಿನ ಸುತ್ತಲಿನ ಪ್ರಭಾವಳಿ

ಮಾಸಿದ ಮೇಲೆ ಸವೆತ. ಕತ್ತರಿಯಿಂದ ಕತ್ತರಿಸಿದ ತೂತು ಏಕೆ ಸುಳ್ಳು ಅನ್ನಿಸುತ್ತದೆ? ಅಕ್ಕ ನಿಜವಾದ ಹಳೇ ಪಂಚೆಯೊಂದರ ತೂತನ್ನು ಬೆಳಕಿಗೆ ಹಿಡಿದರು. ತೂತಿನ ಸುತ್ತ ಬೆರಳಗಲ ಜಾಗ ಬಲೆಯ ಹಾಗೆ ತೆಳ್ಳಗಿತ್ತು. ಅಲ್ಲಿ ಹೊಕ್ಕಿನ ಎಳೆಗಳು ಹೋಗಿ ಹಾಸಿನ ಎಳೆಗಳು ಮಾತ್ರ ನಿಂತಿದ್ದವು. ಅದರಾಚೆ ಇನ್ನೊಂದು ವಲಯ, ಅಲ್ಲಿ ಎರಡೂ ಎಳೆ ಇವೆ, ಆದರೆ ಸೊರಗಿವೆ. ತೂತು ಒಮ್ಮೆಲೇ ಬರುವುದಿಲ್ಲ, ತೆಳ್ಳಗಾಗಿ ತೆಳ್ಳಗಾಗಿ ಕೊನೆಗೆ ಬರುತ್ತದೆ! ಹಾಗಾಗಿ ತೂತು ಮಾಡುವ ಕೆಲಸವೇ ಇಲ್ಲ. ತೆಳ್ಳಗೆ ಮಾಡುವುದಷ್ಟೇ ಕೆಲಸ, ತೂತು ತಾನಾಗಿ ಆಗುತ್ತದೆ.

ಅಕ್ಕ ದುಂಡನೆಯ ಮರದ ತುಂಡೊಂದನ್ನು ಬಟ್ಟೆಯ ಕೆಳಗಿಟ್ಟು, ಬಡಗಿಗಳ ಎಮರಿ ಪೇಪರಿನಲ್ಲಿ ಉಜ್ಜಿದರು. ಹಿಮ್ಮಡಿ ಉಜ್ಜುವ ಕಲ್ಲಿನಿಂದ ಅಂಚನ್ನು ಉಜ್ಜಿದರು. ಕೂತಾಗ ನೆಲಕ್ಕೆ ತಾಗುವ ಭಾಗ, ಹಿಮ್ಮಡಿಯ ಬಳಿಯ ಅಂಚು, ಸೊಂಟಕ್ಕೆ ಸಿಕ್ಕಿಸುವ ಮಡಿಕೆ ಇವಿಷ್ಟೇ. ಉಜ್ಜಿದ ಮೇಲೆ ಒಗೆದು ಒಣಗಿಸಿದಾಗ ಬಿಟ್ಟ ಎಳೆಗಳು ಸುರುಳಿ ಸುತ್ತಿಕೊಂಡವು. ಒಗೆಯದೆ ಬಿಟ್ಟರೆ ಎಳೆಗಳು ನೆಟ್ಟಗೆ ನಿಂತು ನೆನ್ನೆ ಮೊನ್ನೆ ಹರಿದಂತೆ ಕಾಣುತ್ತವೆ. ಯಾವಾಗ ಹರಿದದ್ದು ಅನ್ನುವುದನ್ನೂ ಎಳೆಯ ತುದಿಯೇ ಹೇಳುತ್ತದೆ.

ಸಾಕವ್ವನ ರವಿಕೆಗೂ ಹೀಗೇ ವಯಸ್ಸು ಕೊಟ್ಟರು. ಅದರಲ್ಲಿ ಬಲಭುಜ, ಬೆನ್ನಿನ ಮೇಲ್ಭಾಗ ಮಾಸಿದವು. ಎಡಭುಜದಲ್ಲಿ ಸೆರಗು ಕೂರುವ ಅಗಲಕ್ಕೆ ಪಟ್ಟಿ ಹಾಗೇ ಉಳಿಯಿತು. ಅದರ ಗಡಿಯೂ ಮಸುಕಾಗಿಯೇ, ಏಕೆಂದರೆ ಸೆರಗು ದಿನವೂ ಒಂದೇ ಗೆರೆಗೆ ಕೂರುವುದಿಲ್ಲ.

ತೇಪೆಯ ಕೆಳಗಿನ ಯೌವನ

ನಾನು ಎಲ್ಲಕ್ಕಿಂತ ಹೆಚ್ಚು ಬೆರಗಾದದ್ದು ತೇಪೆಯ ಮುಂದೆ. ಬಟ್ಟೆ ಮಾಸಿದ ಮೇಲೆ ತೇಪೆ ಹಾಕುವುದೋ, ತೇಪೆ ಹಾಕಿದ ಮೇಲೆ ಮಾಸಿಸುವುದೋ? ಎರಡೂ ಒಂದೇ ಅನ್ನಿಸಬಹುದು. ಅಲ್ಲವೇ ಅಲ್ಲ!

ಯೋಚಿಸಿ. ಸಾಕವ್ವ ಐದನೇ ವರ್ಷ ತೇಪೆ ಹಾಕಿದಳು ಅಂದುಕೊಳ್ಳೋಣ. ಆ ಹೊತ್ತಿಗೆ ಸೀರೆ ಅರ್ಧ ಮಾಸಿತ್ತು. ತೇಪೆಯ ಕೆಳಗಿನ ಬಟ್ಟೆಗೆ ಅಂದಿನಿಂದ ಬಿಸಿಲು ತಾಗಲಿಲ್ಲ. ಅದು ಐದನೇ ವರ್ಷದ ಬಣ್ಣದಲ್ಲೇ ನಿಂತುಬಿಟ್ಟಿತು. ಸುತ್ತಲಿನ ಸೀರೆ ಮಾತ್ರ ಹತ್ತನೇ ವರ್ಷಕ್ಕೆ ನಡೆದುಹೋಯಿತು. ಈಗ ತೇಪೆ ಬಿಚ್ಚಿದರೆ ಅದರ ಆಕಾರದಲ್ಲಿ ಹಳೇ ನೀಲಿ ಕಾಣಿಸುತ್ತದೆ. ತೇಪೆಗೂ ತನ್ನದೇ ವಯಸ್ಸಿದೆ. ಮನೆಯಲ್ಲಿ ಹರಿದುಹೋದ ಇನ್ನೊಂದು ಬಟ್ಟೆಯಿಂದ ಅದನ್ನು ಕತ್ತರಿಸಿದ್ದು, ಹಾಕುವಾಗಲೇ ಅದು ಮಾಸಿತ್ತು. ಅಂಗಡಿಯಿಂದ ತಂದ ಹೊಸ ತುಂಡನ್ನು ಹಳೇ ಸೀರೆಗೆ ಹೊಲಿದರೆ ಅದು ಕಣ್ಣಿಗೆ ಹೊಡೆಯುವುದಷ್ಟೇ ಅಲ್ಲ, ಗಟ್ಟಿ ತುಂಡು ಸೊರಗಿದ ಬಟ್ಟೆಯನ್ನು ಎಳೆದು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಮನೆಯ ಹೆಂಗಸರು ತೇಪೆಗೆ ಹಳೇ ಬಟ್ಟೆ ಬಳಸುವುದರ ಹಿಂದೆ ಉಳಿತಾಯದ ಜೊತೆ ಈ ತಿಳಿವಳಿಕೆಯೂ ಇದೆ. ಉತ್ತರ ಕರ್ನಾಟಕದ ಕೌದಿಗಳಲ್ಲಿ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಹಳೇ ಬಟ್ಟೆಯ ಪಕ್ಕ ಹಳೇ ಬಟ್ಟೆ ಕೂತು ಒಂದರ ಭಾರ ಒಂದು ಹೊರುವುದನ್ನು ಬೇಕಾದರೆ ನೋಡಬಹುದು.

ಹಾಗಾಗಿ ಅಕ್ಕನ ಕ್ರಮ ಹೀಗಿತ್ತು. ಮೊದಲು ಸೀರೆಯನ್ನು ಅರ್ಧ ಮಾಸಿಸುವುದು. ಬೇರೆ ಬಟ್ಟೆಯ ತುಂಡನ್ನು ಪ್ರತ್ಯೇಕವಾಗಿ ಇನ್ನೂ ಹೆಚ್ಚು ಮಾಸಿಸುವುದು. ಆ ತುಂಡನ್ನು ಕೈಹೊಲಿಗೆಯಲ್ಲಿ ಹಾಕುವುದು, ಮಷಿನ್ನಿನಲ್ಲಿ ಅಲ್ಲ. ಆಮೇಲೆ ಸೀರೆ, ತೇಪೆ ಎರಡನ್ನೂ ಸೇರಿಸಿ ಉಳಿದರ್ಧ ಮಾಸಿಸುವುದು. ಕೊನೆಗೆ ಒಂದು ಕಡೆಯ ನಾಲ್ಕು ಹೊಲಿಗೆ ಬಿಚ್ಚಿ ತೇಪೆಯ ಮೂಲೆ ಸ್ವಲ್ಪ ಎದ್ದಿರುವಂತೆ ಬಿಟ್ಟರು. ಎದ್ದ ಮೂಲೆಯ ಕೆಳಗೆ ಬೇಳೆಯಷ್ಟು ಹಳೇ ನೀಲಿ ಇಣುಕಿತು. ಅಷ್ಟು ಸಣ್ಣ ಜಾಗದಲ್ಲಿ ಐದು ವರ್ಷ ಅಡಗಿತ್ತು!

ಇನ್ನೊಂದು ತೇಪೆಗೆ ಬೇರೆ ಬಣ್ಣದ ದಾರ ಬಳಸಿದರು. ಆ ದಿನ ಮನೆಯಲ್ಲಿ ಇದ್ದದ್ದು ಅದೇ ದಾರ ಎಂಬ ಲೆಕ್ಕ. ಮೂರನೆಯದು ಬೇಡ ಅಂದರು. ಎಲ್ಲ ಕಡೆ ತೇಪೆ ಇದ್ದರೆ ಯಾವುದೂ ಕಾಣುವುದಿಲ್ಲ, ಸವೆಯುವ ಜಾಗ ಬಿಟ್ಟು ಬೇರೆ ಕಡೆ ತೇಪೆ ಬಂದರೆ ಅದು ಅಲಂಕಾರವಾಗಿಬಿಡುತ್ತದೆ.

ಟೀ, ಮೊಳೆ ಮತ್ತು ಹುಟ್ಟುವ ಕಪ್ಪು

ಕಡೆಯ ಹಂತ ಕಲೆ. 5 ಲೀಟರ್ ನೀರಿಗೆ ಸುಮಾರು 50 ಗ್ರಾಂ ಟೀ ಪುಡಿ ಕುದಿಸಿ, ಸೋಸಿ, ಸೀರೆಯನ್ನು ಕಾಲು ಗಂಟೆ ಅದ್ದಿದರು. ಬ್ಲೀಚ್ ಬಿಟ್ಟುಹೋದ ಬಿಳಿಚು ಹೊಳಪು ಅಡಗಿತು, ಹೊಗೆ ಹಿಡಿದ ಮನೆಯ ಬಟ್ಟೆಯ ಕಳೆ ಬಂತು. ಬಿಳಿ ಬಟ್ಟೆ ರಂಗದ ದೀಪಕ್ಕೆ ಕುಕ್ಕುವಂತೆ ಹೊಳೆಯುವುದನ್ನು ತಡೆಯಲು ರಂಗಭೂಮಿಯವರು ಬಹಳ ಹಿಂದಿನಿಂದ ಟೀ ಬಳಸುತ್ತಾರೆ.

ಆಮೇಲೆ ಅಕ್ಕ ಒಂದು ಗಾಜಿನ ಸೀಸೆ ತಂದರು. ಒಳಗೆ ತುಕ್ಕು ಹಿಡಿದ ಮೊಳೆಗಳು ವಿನೆಗರ್‌ನಲ್ಲಿ ಒಂದು ವಾರದಿಂದ ಮುಳುಗಿದ್ದವು. ಆ ನೀರಿಗೆ ಬೇರೆ ನೀರು ಧಾರಾಳವಾಗಿ ಬೆರೆಸಿ, ಕುಂಚದಲ್ಲಿ ಅದ್ದಿ ಟೀ ಕುಡಿದ ಅಂಚಿಗೆ ಮುಟ್ಟಿಸಿದರು. ನೀರು ತಿಳಿ ಕಂದು, ಬಟ್ಟೆ ತಿಳಿ ಕಂದು, ಎರಡೂ ಸೇರಿದ ಕಡೆ ಬೂದುಗಪ್ಪು ಎದ್ದು ಬಂತು! ಎಲ್ಲಿಯೂ ಇಲ್ಲದ ಕಪ್ಪು ನನ್ನ ಕಣ್ಣೆದುರೇ ಹುಟ್ಟಿತು. ಟೀಯ ಒಗರಿನಲ್ಲಿರುವ ಟ್ಯಾನಿನ್, ಮೊಳೆಯ ಕಬ್ಬಿಣ ಎರಡೂ ಕೂಡಿ ಕಟ್ಟಿದ ಬಣ್ಣ ಅದು. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಕಪ್ಪು ಬರಿಸುವ ಕಲಂಕಾರಿ ಕುಶಲಕರ್ಮಿಗಳು ಬಳಸುವುದೂ ಇದೇ ಗುಟ್ಟನ್ನು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ತಾಗಿದ ಬಟ್ಟೆಯ ಕಲೆ ಹಟ ಹಿಡಿದು ಕೂರುವುದರ ಹಿಂದೆಯೂ ಆ ಒಗರೇ ಇದೆ.

ಈ ಕಪ್ಪಿಗೆ ಮಿತಿ ಬೇಕು. ಕಬ್ಬಿಣ ಹೆಚ್ಚಾದರೆ ಹತ್ತಿಯ ನಾರನ್ನೇ ಕೊಳೆಸುತ್ತದೆ. ಕಬ್ಬಿಣದ ಶಾಯಿಯಲ್ಲಿ ಬರೆದ ಎಷ್ಟೋ ಹಳೇ ಕಾಗದಗಳು ಅಕ್ಷರವಿದ್ದ ಕಡೆಯೇ ತೂತು ಬಿದ್ದಿರುವುದು ಇದಕ್ಕೆ. ತೆಳ್ಳಗೆ ಒಂದು ಬಾರಿ, ಬೇಕಾದರೆ ಇನ್ನೊಂದು ಬಾರಿ, ಪ್ರತಿ ಸಲವೂ ತೊಳೆದು. ಒಣಗಿದ ಬಟ್ಟೆ ಆ ಜಾಗದಲ್ಲಿ ಬಿರುಸಾಗಿದ್ದರೆ, ಬಗ್ಗಿಸಿದಾಗ ಸೀಳುವ ಸದ್ದು ಬಂದರೆ ಕಬ್ಬಿಣ ಹೆಚ್ಚಾಗಿದೆ.

ಕೆಸರಿನ ಪಟ್ಟಿಗೆ ಅಕ್ಕ ನಿಜವಾದ ಕೆಸರು ಬಳಸಲಿಲ್ಲ. ಅದು ಒಣಗಿ ಉದುರುತ್ತದೆ, ರಂಗದ ಮೇಲೆ ಧೂಳಾಗುತ್ತದೆ, ಮೊದಲ ಒಗೆತಕ್ಕೇ ಹೋಗುತ್ತದೆ. ನಟಿ ಪ್ರತಿ ಪ್ರದರ್ಶನಕ್ಕೂ ಒಗೆದ ಸೀರೆಯನ್ನೇ ಉಡಬೇಕಲ್ಲ! ಬಟ್ಟೆಯ ಮೇಲೆ ಚಿತ್ರ ಬರೆಯುವ ಬಣ್ಣದಲ್ಲಿ ಮಣ್ಣಿನ ಬಣ್ಣ ಕಲಸಿ, ನೀರಾಗಿಸಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಸಿಡಿಸಿದರು. ಕೆಳಗೆ ದಟ್ಟ, ಮೇಲೆ ಹೋದಂತೆ ವಿರಳ. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಣ್ಣ ಬಟ್ಟೆಗೆ ಕಚ್ಚುತ್ತದೆ. ಮಣ್ಣಿನ ಬಣ್ಣ ಯಾವುದು ಎಂಬುದಕ್ಕೂ ಊರೇ ಉತ್ತರ. ಕರಾವಳಿಯ ಕಥೆಗೆ ಮುರಕಲ್ಲಿನ ಕೆಂಪು, ಧಾರವಾಡದ ಕಡೆಯ ಎರೆಭೂಮಿಗೆ ಕಪ್ಪು. ಒಂದು ಊರಿನ ಮಣ್ಣನ್ನು ಇನ್ನೊಂದು ಊರಿನ ಸೀರೆಗೆ ಹಚ್ಚಿದರೆ ಆ ಕಡೆಯವರು ಕೂಡಲೇ ಗುರುತಿಸುತ್ತಾರೆ.

ದೀಪ ಹಚ್ಚಿದಾಗ

ಕೋಣೆಯಲ್ಲಿ ಅದ್ಭುತವಾಗಿ ಕಂಡದ್ದು ರಂಗದ ಮೇಲೆ ಏನಾಗುತ್ತದೆ? ಅಕ್ಕ ಸೀರೆಯನ್ನು ರಂಗದ ನಡುವೆ ನೇತುಹಾಕಿಸಿ, ನನ್ನನ್ನು ಕರೆದುಕೊಂಡು ಕೊನೆಯ ಸಾಲಿಗೆ ಹೋದರು. ಹಗಲಿನ ದೃಶ್ಯದ ಹಳದಿ ದೀಪ ಬಂತು. ಟೀಯ ತಿಳಿ ಕಲೆಗಳು ಮಾಯವಾದವು! ದೀಪವೇ ಹಳದಿಯಾದಾಗ ಮಾಸಿದ ಬಿಳಿಯೂ ಹಳದಿ ಕಲೆಯೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಕಡಲೆಕಾಯಿಯ ರಾತ್ರಿಯ ನೀಲಿ ದೀಪ. ಅವೇ ಕಲೆಗಳು ಕಪ್ಪಗೆ, ಗಾಢವಾಗಿ ಎದ್ದು ಬಂದವು. ಒಗೆದ ಸೀರೆ ಕಣ್ಣೆದುರೇ ಕೊಳಕು ಸೀರೆಯಾಯಿತು. ಅಕ್ಕ ಬೇಡವೆಂದಿದ್ದ ಅದೇ ಕೊಳಕು!

ಅವರು ಅಲ್ಲೇ ನಿರ್ಧರಿಸಿದರು. ಹಳದಿಗಂದು ಕಲೆಗಳನ್ನು ಇನ್ನೊಮ್ಮೆ ಒಗೆದು ತಿಳಿ ಮಾಡುವುದು, ಅವುಗಳ ಬದಲು ಕಬ್ಬಿಣದ ಬೂದು ಬಣ್ಣವನ್ನು ಅಲ್ಲಲ್ಲಿ ಹೆಚ್ಚಿಸುವುದು. ಬೂದು ಎರಡು ದೀಪದಲ್ಲೂ ಹೆಚ್ಚು ಕಡಿಮೆ ಒಂದೇ ಆಗಿ ಕಾಣುತ್ತದೆ. ತೇಪೆಯ ಹೊಲಿಗೆ ಕೊನೆಯ ಸಾಲಿಗೆ ಕಾಣುತ್ತಿರಲಿಲ್ಲ, ಅದಕ್ಕೆ ದಪ್ಪ ದಾರ ಹಾಕಿದರು. ಕೋಣೆಯಲ್ಲಿ ಅದು ಸ್ವಲ್ಪ ಅತಿಯಾಗಿ ಕಂಡಿತು, ಸಭಾಂಗಣದಲ್ಲಿ ಸರಿಯಾಗಿ ಕೂತಿತು.

ಆ ಸೀರೆ ಈಗ ಹಲವು ಪ್ರದರ್ಶನ ಕಂಡಿದೆ. ಇಲ್ಲಿಯೂ ಒಂದು ಆಶ್ಚರ್ಯ ಇದೆ. ನಟಿಯ ನಿಜವಾದ ಬೆವರು, ನಿಜವಾದ ಕೂತೆದ್ದ ಉಜ್ಜುವಿಕೆ, ನಿಜವಾದ ಒಗೆತ ಎಲ್ಲವೂ ಸೀರೆಗೆ ಸೇರುತ್ತಿವೆ. ಅಕ್ಕ ಬರೆದ ವಯಸ್ಸು ಯಾವುದು, ತಾನಾಗಿ ಬಂದ ವಯಸ್ಸು ಯಾವುದು ಎಂದು ಬೇರ್ಪಡಿಸುವುದು ಅವರಿಗೇ ಕಷ್ಟವಾಗಿದೆ. ಅವರು ಎಳೆ ಎಳೆಯಾಗಿ ತೆಳ್ಳಗೆ ಮಾಡಿದ ಜಾಗಗಳ ಹಿಂದೆ ಈಗ ಅವರೇ ನೀಲಿ ಬಣ್ಣದ ತೆಳು ಮಲ್ಲು ಬಟ್ಟೆಯನ್ನು ಸಣ್ಣ ಹೊಲಿಗೆಯಲ್ಲಿ ಕೂರಿಸುತ್ತಾರೆ, ತೂತು ಇನ್ನಷ್ಟು ದೊಡ್ಡದಾಗದಿರಲೆಂದು. ಪ್ರತಿ ಪ್ರದರ್ಶನ ಮುಗಿದ ಮೇಲೆ ಕೈಯಲ್ಲೇ ಒಗೆಯುತ್ತಾರೆ, ನೆರಳಲ್ಲೇ ಒಣಗಿಸುತ್ತಾರೆ, ಬಿಸಿಲಿಗೆ ಹಾಕಲು ಯಾರಿಗೂ ಬಿಡುವುದಿಲ್ಲ. ಹೊಸ ಸೀರೆಯನ್ನು ಹಳತು ಮಾಡಲು ಒಂದು ವಾರ ಸಾಕಾಯಿತು. ಅದು ಇನ್ನೂ ಒಂದು ದಿನವೂ ಹಳತಾಗದಂತೆ ನೋಡಿಕೊಳ್ಳುವುದೇ ಈಗ ಅವರ ದೊಡ್ಡ ಕೆಲಸ. ಒಂದೇ ಸೀರೆಯನ್ನು ಜೋಪಾನ ಮಾಡುವ ಹೆಂಗಸಿನ ಬಗ್ಗೆ ಅವರು ಮೊದಲ ದಿನ ಹೇಳಿದ ಎಲ್ಲವನ್ನೂ ಈಗ ತಾವೇ ಮಾಡುತ್ತಿದ್ದಾರೆ.